ವಾರ್ಡ್‌ರೋಬ್ ವಾಪಸ್ ಕಳಿಸಬೇಕಾ? ಪಿಕಪ್, ಜೋಡಣೆ, ಒಡೆದ ಟೈಲ್: ಯಾವ ದುಡ್ಡು ಯಾರ ಮೇಲೆ

ಡೊಂಬಿವಲಿ, ಮುಲುಂಡ್, ಪುಣೆ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ಆನ್‌ಲೈನ್‌ನಲ್ಲಿ ತರಿಸಿದ ವಾರ್ಡ್‌ರೋಬ್ ಜೋಡಿಸುವಾಗ ಫಿಟ್ಟರ್ ಕೈಯಲ್ಲಿ ಏಟು ತಿಂತು. ಜೋಡಿಸಿದ ಮೇಲೆ ವಾಪಸ್ ಇಲ್ಲ ಅಂತಾರೆ. ತಗೊಂಡು ಹೋಗಿ ಅಂದ್ರೆ ಪಿಕಪ್ ಚಾರ್ಜ್ ಕೇಳ್ತಾರೆ. ಕೊಡಬೇಕಾ?"

ಉತ್ತರ ಎರಡು ವಿಷಯದ ಮೇಲೆ ನಿಂತಿದೆ. ಒಂದು, ನೀವು ಯಾವ ಕಾರಣಕ್ಕೆ ವಾಪಸ್ ಮಾಡುತ್ತಿದ್ದೀರಿ. ಎರಡು, ಹಾಳಾಗಿದ್ದು ಯಾರ ಕೈಯಲ್ಲಿದ್ದಾಗ ಮತ್ತು ಅದು ಆಗಲೇ ದಾಖಲಾಯಿತೇ.

ಬಣ್ಣ ಇಷ್ಟವಾಗಲಿಲ್ಲ, ಮನಸ್ಸು ಬದಲಾಯಿತು ಅಂತಾದರೆ ವಾಪಸ್ ತೆಗೆದುಕೊಳ್ಳಲೇಬೇಕು ಎನ್ನುವ ಕಾನೂನು ಇಲ್ಲ. ಅದು ಪೂರ್ತಿ ಮಾರುವವರ ಷರತ್ತಿಗೆ ಬಿಟ್ಟದ್ದು. ಆದರೆ ಸಾಮಾನು ದೋಷದ್ದಾಗಿದ್ದರೆ, ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದಿದ್ದರೆ, ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದರೆ ಮಾತು ಬೇರೆ. 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಆಗ ಮಾರಾಟಗಾರ ವಾಪಸ್ ತೆಗೆದುಕೊಳ್ಳಲು, ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ತಡವಾದದ್ದು ಪ್ರವಾಹದಂಥ ಕೈಮೀರಿದ ಕಾರಣಕ್ಕೆ ಅಂತಾದರೆ ಮಾತ್ರ ವಿನಾಯಿತಿ. ಅಂಗಡಿಗೇ ಹೋಗಿ ಕೊಂಡಿದ್ದರೂ ಭಯ ಬೇಡ. ದೋಷದ ಸಾಮಾನನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಬಿಲ್ಲಿನಲ್ಲಿ ಏನೂ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಎಂದೇ ಕರೆಯುತ್ತದೆ.

ಪಿಕಪ್ ಖರ್ಚಿನ ಬಗ್ಗೆ ನಿಯಮ ಹೇಳುವುದು ಇಷ್ಟು: ವಾಪಸ್ ಸಾಗಣೆಯ ಖರ್ಚಿನ ವಿವರವನ್ನು ಮಾರಾಟಗಾರ ಮೊದಲೇ ಸ್ಪಷ್ಟವಾಗಿ ತೋರಿಸಿರಬೇಕು. ಕೊಳ್ಳುವಾಗ ಎಲ್ಲೂ ಇಲ್ಲದ ಚಾರ್ಜನ್ನು ಆಮೇಲೆ ಫೋನಿನಲ್ಲಿ ಹೇಳಿದರೆ ಒಪ್ಪಬೇಡಿ. ದೋಷದ ಸಾಮಾನಿಗೆ ಪಿಕಪ್ ಚಾರ್ಜ್ ಕೇಳಿದರೂ ಒಪ್ಪಬೇಡಿ. ತಪ್ಪು ಅವರದ್ದು, ಲಾರಿ ಬಾಡಿಗೆ ನಮ್ಮದು ಅಂದರೆ ಯಾವ ನ್ಯಾಯ?

ಒಂದು ಮನೆಯ ಉದಾಹರಣೆ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಹೋಗೋಣ. ಡೊಂಬಿವಲಿ ಪೂರ್ವದಲ್ಲಿ ಮೂರನೇ ಮಹಡಿಯ ಒನ್ ಬಿಎಚ್‌ಕೆ. ಮೂರು ಬಾಗಿಲಿನ ವಾರ್ಡ್‌ರೋಬ್, ಬೆಲೆ ₹24,000. ಡೆಲಿವರಿ ₹800, ಜೋಡಣೆ ₹900. ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲ ಮೇಲೆ ಹೊರಿಸಿದ ಹಮಾಲಿ ₹500, ಕೈಯಲ್ಲಿ ಕೊಟ್ಟದ್ದು.

1. ಆರ್ಡರ್ ಮಾಡುವ ಮುಂಚೆ ಓರೆ ಅಳತೆ ನೋಡಿ

ಎಲ್ಲರೂ ಗೋಡೆಯ ಅಗಲ ಅಳೆಯುತ್ತಾರೆ. ಎಡವುವುದು ಎತ್ತರದಲ್ಲಿ. ಮುಂಬೈ ಕಡೆಯ ಮಲಗುವ ಕೋಣೆಗಳಲ್ಲಿ ಏಳು ಅಡಿ ಮೇಲೆ ಲಾಫ್ಟ್, ಅಂದರೆ ಸಾಮಾನು ತುಂಬುವ ಅಟ್ಟ, ಇರುವುದು ಮಾಮೂಲು. ಏಳು ಅಡಿ ಅಂದರೆ ಸುಮಾರು 213 ಸೆಂ.ಮೀ. ವಾರ್ಡ್‌ರೋಬ್ ಎತ್ತರ 210 ಅಂತ ನೋಡಿ, ಕೂರುತ್ತದೆ ಅಂತ ಆರ್ಡರ್ ಮಾಡುತ್ತಾರೆ.

ಆದರೆ ಇಂಥ ವಾರ್ಡ್‌ರೋಬನ್ನು ಸಾಮಾನ್ಯವಾಗಿ ನೆಲದ ಮೇಲೆ ಮಲಗಿಸಿ ಜೋಡಿಸಿ, ಆಮೇಲೆ ಎತ್ತಿ ನಿಲ್ಲಿಸುತ್ತಾರೆ. ಎತ್ತುವಾಗ ಅದರ ಮೂಲೆಯಿಂದ ಮೂಲೆಗಿನ ಓರೆ ಅಳತೆ ಲೆಕ್ಕಕ್ಕೆ ಬರುತ್ತದೆ. ಎತ್ತರ 210, ಆಳ 60 ಇದ್ದರೆ ಓರೆ ಅಳತೆ ಸುಮಾರು 218 ಸೆಂ.ಮೀ. ಲೆಕ್ಕ ಹಾಕುವ ರೀತಿ:

```
ಓರೆ ಅಳತೆ = √(210 × 210 + 60 × 60) = √47,700 ≈ 218.4
```

ಲಾಫ್ಟಿನ ಕೆಳಗೆ 213, ಬೇಕಾದದ್ದು 218. ಐದು ಸೆಂ.ಮೀ. ಕಡಿಮೆ. ಲಾಫ್ಟ್ ಇಲ್ಲದ ಕಡೆ ಎತ್ತಿ ನಿಲ್ಲಿಸಿ ಆಮೇಲೆ ಒಳಗೆ ಜರುಗಿಸಬಹುದು, ಅದಕ್ಕೆ ಕೋಣೆಯಲ್ಲಿ ಜಾಗ ಇದ್ದರೆ. ಮಂಚ ಹಾಕಿದ ಸಣ್ಣ ಕೋಣೆಯಲ್ಲಿ ಆ ಜಾಗ ಇರುವುದಿಲ್ಲ. ಹೀಗೆ ಸಾಲದೆ ಹೋದರೆ ಅದು ದೋಷವಲ್ಲ, ನಿಮ್ಮ ಅಳತೆಯ ತಪ್ಪು ಅಂತ ಲೆಕ್ಕ. ಪಿಕಪ್ ಖರ್ಚೂ ನಿಮ್ಮ ತಲೆಗೇ ಬರುತ್ತದೆ.

ಅದೇ ಹೊತ್ತಿಗೆ ಷರತ್ತಿನ ಪುಟದಲ್ಲಿ ಮೂರು ಸಾಲು ಹುಡುಕಿ, ಸ್ಕ್ರೀನ್‌ಶಾಟ್ ತೆಗೆದಿಡಿ: ಡೆಲಿವರಿ ಮನೆಬಾಗಿಲಿಗೋ ನೆಲಮಹಡಿಗೋ, ಜೋಡಣೆ ಯಾರದ್ದು, ವಾಪಸ್ ಸಾಗಣೆಗೆ ಎಷ್ಟು. ಆ ಪುಟ ಮುಂದೆ ಬದಲಾದೀತು. ಸ್ಕ್ರೀನ್‌ಶಾಟ್ ಬದಲಾಗುವುದಿಲ್ಲ.

2. ಡೆಲಿವರಿ ದಿನ: ಒಟಿಪಿ ಕೊಡುವ ಮುಂಚೆ

ಒಟಿಪಿ ಕೊಟ್ಟರೆ, ಅಥವಾ ಚೀಟಿಗೆ ಸಹಿ ಹಾಕಿದರೆ, ಪೆಟ್ಟಿಗೆಗಳು ನಿಮ್ಮ ಕೈಗೆ ಬಂದವು ಅಂತ ಲೆಕ್ಕ. ಆಮೇಲೆ "ಬರುವಾಗಲೇ ಹೀಗಿತ್ತು" ಅನ್ನುವುದು ಕಷ್ಟ. ಪೆಟ್ಟಿಗೆಗಳ ಮೇಲೆ 1/4, 2/4 ಅಂತ ಬರೆದಿರುತ್ತದೆ. ನಾಲ್ಕೂ ಬಂದಿವೆಯಾ ಎಣಿಸಿ. ಮೂಲೆಗಳನ್ನು ಫೋಟೋ ತೆಗೆಯಿರಿ.

ಮಳೆಗಾಲದಲ್ಲಿ ಇನ್ನೂ ಒಂದು ಕೆಲಸ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಟೆಂಪೋ ಟಾರ್ಪಾಲಿನ ಕೆಳಗೆ ನೀರು ಸೋರುವುದು ಹೊಸದಲ್ಲ. ಪೆಟ್ಟಿಗೆಯ ರಟ್ಟು ಮೆತ್ತಗಾಗಿದ್ದರೆ, ಕಪ್ಪು ಕಲೆ ಇದ್ದರೆ ಅಲ್ಲೇ ಒಂದು ಬದಿ ಬಿಚ್ಚಿಸಿ. ಅಗ್ಗದ ವಾರ್ಡ್‌ರೋಬುಗಳು ಬಹುತೇಕ ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಮೇಲೆ ಲ್ಯಾಮಿನೇಟ್ ಇದ್ದರೂ ಅಂಚಿನಲ್ಲಿ, ತೂತಿನಲ್ಲಿ ನೀರು ಒಳಗೆ ಹೋಗುತ್ತದೆ. ಅಂಚು ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನಂತೆ ಇಳಿಯುವುದಿಲ್ಲ. ಬೆರಳಿನಿಂದ ಅಂಚಿನುದ್ದಕ್ಕೂ ಸವರಿ. ಒಂದು ಕಡೆ ಗಂಟಿನಂತೆ ದಪ್ಪ ಸಿಕ್ಕರೆ ನೀರು ಕುಡಿದಿದೆ ಅಂತ ಅರ್ಥ. ಅಂಥ ಹಲಗೆಯಲ್ಲಿ ಸ್ಕ್ರೂ ಹಿಡಿಯುವುದಿಲ್ಲ.

ಹೀಗೆ ಸಿಕ್ಕರೆ ಆ ಪೆಟ್ಟಿಗೆಯನ್ನು ಅಲ್ಲೇ ವಾಪಸ್ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಪಿಕಪ್ ಅನ್ನುವ ಪ್ರಶ್ನೆಯೇ ಬರುವುದಿಲ್ಲ, ಗಾಡಿ ಹೇಗೂ ಬಾಗಿಲಲ್ಲೇ ನಿಂತಿದೆ. ಡೆಲಿವರಿಯವರು ಅವಸರ ಮಾಡಿದರೆ ಚೀಟಿಯ ಮೇಲೆ "ಪೆಟ್ಟಿಗೆ 3 ಒದ್ದೆ, ಒಳಗೆ ನೋಡಿಲ್ಲ" ಅಂತ ಬರೆದು, ಆ ಚೀಟಿಯ ಫೋಟೋ ತೆಗೆದು, ಆಮೇಲೆ ಸಹಿ ಹಾಕಿ.

ಹಮಾಲಿ ದುಡ್ಡಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಕೊಟ್ಟ ₹500 ಕಂಪನಿಯ ಲೆಕ್ಕದಲ್ಲಿ ಎಲ್ಲೂ ಇರುವುದಿಲ್ಲ. ಯುಪಿಐನಲ್ಲಿ ಕೊಟ್ಟರೆ ಕನಿಷ್ಠ ಒಂದು ಗುರುತು ಉಳಿಯುತ್ತದೆ.

3. ಡೆಲಿವರಿಗೂ ಜೋಡಣೆಗೂ ನಡುವಿನ ದಿನಗಳು

ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲಿ. ವಾಪಸ್ ಮಾಡುವ ಅವಧಿ ಏಳು ದಿನ ಅಂತ ಇಟ್ಟುಕೊಳ್ಳಿ. ಅದು ಸಾಮಾನ್ಯವಾಗಿ ಶುರುವಾಗುವುದು ಡೆಲಿವರಿ ದಿನದಿಂದ, ಫಿಟ್ಟರ್ ಬಂದ ದಿನದಿಂದ ಅಲ್ಲ. ಸೋಮವಾರ ಪೆಟ್ಟಿಗೆ ಬಂತು. ಫಿಟ್ಟರ್ ಬುಧವಾರ ಅಂದವನು ಶನಿವಾರಕ್ಕೆ ಹಾಕಿದ, ಆಮೇಲೆ ಮುಂದಿನ ಮಂಗಳವಾರಕ್ಕೆ. ಪೆಟ್ಟಿಗೆ ತೆರೆದಾಗ ಬಾಗಿಲ ಹಲಗೆ ಸೀಳಿದೆ. ಆ್ಯಪಿನಲ್ಲಿ ವಾಪಸ್ ಬಟನ್ ಮಾಯ.

ಹಾಗಂತ ಪೆಟ್ಟಿಗೆಗಳನ್ನು ನೀವೇ ಬಿಚ್ಚಲು ಹೋಗಬೇಡಿ. ಬಹಳ ಕಂಪನಿಗಳ ಷರತ್ತಿನಲ್ಲಿ ಅವರ ಫಿಟ್ಟರೇ ತೆರೆಯಬೇಕು ಅಂತ ಇರುತ್ತದೆ. ನೀವು ಬಿಚ್ಚಿದರೆ ಸೀಳು ನಿಮ್ಮಿಂದಲೇ ಆದದ್ದು ಅನ್ನುತ್ತಾರೆ.

ಮಾಡಬೇಕಾದದ್ದು ಸಣ್ಣ ಕೆಲಸ. ಫಿಟ್ಟರ್ ಮೊದಲ ಸಲ ತಪ್ಪಿಸಿದ ದಿನವೇ ಇಮೇಲ್ ಅಥವಾ ಆ್ಯಪಿನ ಚಾಟಿನಲ್ಲಿ ಬರೆಯಿರಿ: ಆರ್ಡರ್ ಸಂಖ್ಯೆ, ಪೆಟ್ಟಿಗೆ ಬಂದ ತಾರೀಖು, ಜೋಡಣೆಗೆ ಕೊಟ್ಟ ತಾರೀಖು, ನಿಮ್ಮವರು ಬರಲಿಲ್ಲ, ಆದ್ದರಿಂದ ಒಳಗಿನ ಸಾಮಾನು ನೋಡಲು ಆಗಿಲ್ಲ, ವಾಪಸ್ ಅವಧಿಯನ್ನು ಜೋಡಣೆಯ ದಿನದಿಂದ ಲೆಕ್ಕ ಹಾಕಿ. ಫೋನಿನಲ್ಲಿ "ಆಗ್ತದೆ ಸಾರ್" ಅಂದದ್ದು ಸಾಕ್ಷಿ ಅಲ್ಲ. ಬರೆದದ್ದು ಸಾಕ್ಷಿ.

4. ಜೋಡಣೆಯ ದಿನ

ಮೊದಲು ಒಂದು ಪ್ರಶ್ನೆ: ಫಿಟ್ಟರನ್ನು ಕಳಿಸಿದ್ದು ಯಾರು? ಕಂಪನಿ ಕಳಿಸಿದ್ದರೆ, ಅವನು ಅವರ ಸಂಬಳದವನೋ ಗುತ್ತಿಗೆಯವನೋ ಅನ್ನುವುದು ನಿಮಗೆ ಬೇಕಿಲ್ಲ. ನೀವು ದುಡ್ಡು ಕೊಟ್ಟದ್ದು ಯಾರಿಗೆ, ಕೆಲಸದ ಹೊಣೆ ಅವರದ್ದು. ನೀವೇ ನಾಕಾ ಹತ್ತಿರದ ಕಾರ್ಪೆಂಟರನ್ನು ಕರೆಸಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಅವನ ಕೈಯಲ್ಲಿ ಒಡೆದದ್ದಕ್ಕೆ ಕಂಪನಿ ಬರುವುದಿಲ್ಲ, ವಾರಂಟಿಯೂ ಅನುಮಾನ. ಕಂಪನಿ ಫಿಟ್ಟರಿಗೇ "ಈ ಶೆಲ್ಫ್ ಸ್ವಲ್ಪ ಕೆಳಗೆ ಹಾಕಿ, ಇನ್ನೂರು ಕೊಡ್ತೇನೆ" ಅಂದು ಬೇರೆ ಕೆಲಸ ಮಾಡಿಸಿದರೂ ಅದೇ ಗತಿ.

ಎಲ್ಲ ಹಲಗೆಗಳನ್ನು ಜೋಡಿಸುವ ಮುಂಚೆ ಹಾಸಿಗೆಯ ಮೇಲೋ ಚಾಪೆಯ ಮೇಲೋ ಹರವಿಸಿ. ಎರಡೂ ಬದಿ ಫೋಟೋ ತೆಗೆಯಿರಿ. ಕೆಲಸ ಮಾಡುವ ಜಾಗದ ನೆಲವನ್ನೂ ಗೋಡೆಯನ್ನೂ ಖಾಲಿ ಇದ್ದಾಗಲೇ ಫೋಟೋ ತೆಗೆಯಿರಿ. ಟೈಲ್ ಮೊದಲೇ ಬಿರುಕಿತ್ತು ಅನ್ನುವ ಮಾತಿಗೆ ಆ ಫೋಟೋ ಒಂದೇ ಉತ್ತರ.

ಜೋಡಣೆಯಲ್ಲಿ ಗಮನಿಸಬೇಕಾದ್ದು ಕ್ಯಾಮ್ ಲಾಕ್. ಒಂದು ಹಲಗೆಯಲ್ಲಿ ಸ್ಕ್ರೂ, ಇನ್ನೊಂದರಲ್ಲಿ ದುಂಡನೆಯ ಸಣ್ಣ ಬಿಲ್ಲೆ. ಬಿಲ್ಲೆಯನ್ನು ಸುಮಾರು ಅರ್ಧ ಸುತ್ತು ತಿರುಗಿಸಿದರೆ ಎರಡೂ ಹಲಗೆ ಒಂದಕ್ಕೊಂದು ಬಿಗಿಯುತ್ತವೆ. ಇದನ್ನು ಕೈಯಿಂದ ಬಿಗಿಯಬೇಕು. ಡ್ರಿಲ್ ಮಷಿನ್ ಹಾಕಿ ಜಾಸ್ತಿ ತಿರುಗಿಸಿದರೆ ಬಿಲ್ಲೆಯ ಸುತ್ತ ಲ್ಯಾಮಿನೇಟ್ ಏಳುತ್ತದೆ, ತೂತು ಅಗಲವಾಗುತ್ತದೆ. ಇಂಥ ಗುರುತು ಕಂಡರೆ ಅದು ಕಾರ್ಖಾನೆಯ ದೋಷವೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಜೋಡಣೆಯಲ್ಲಿ ಆದದ್ದು.

ಈಗ ನಮ್ಮ ಉದಾಹರಣೆ. ಫಿಟ್ಟರ್ ವಾರ್ಡ್‌ರೋಬ್ ಎತ್ತಿದ. ಮೇಲಿನ ಮೂಲೆ ಲಾಫ್ಟಿಗೆ ತಾಗಿತು. "ಹೋಗ್ತದೆ ಭಾಭೀ" ಅಂತ ಹೆಲ್ಪರ್ ಜೊತೆ ಸೇರಿ ಒತ್ತಿದ. ಪೂರ್ತಿ ಭಾರ ಕೆಳಗಿನ ಒಂದು ಅಂಚಿನ ಮೇಲೆ ಬಿತ್ತು. ಬದಿಯ ಹಲಗೆಯ ಕೆಳಮೂಲೆ ಚೂರಾಯಿತು, ಅದರ ಕೆಳಗಿನ ಟೈಲ್ ಸೀಳಿತು.

ಯಾರ ಹೊಣೆ? ಕೋಣೆ ಸಾಲದ್ದು ಮನೆಯವರ ತಪ್ಪು, ನಿಜ. ಆದರೆ ತಾಗುತ್ತದೆ ಅಂತ ಕಂಡ ಮೇಲೆ ನಿಲ್ಲಿಸಬೇಕಾದವನು ಆ ಕೆಲಸ ಬಲ್ಲವನು. ಆಗದು ಅಂತ ಬರೆದು ಹೋಗಿದ್ದರೆ ನಷ್ಟ ಮನೆಯವರಿಗೆ ಪಿಕಪ್ ಖರ್ಚಿನಷ್ಟೇ ಆಗುತ್ತಿತ್ತು. ಒತ್ತಿ ಒಡೆದದ್ದು ಸೇವೆಯ ಕೊರತೆ. ಆದ್ದರಿಂದ ಹಲಗೆ, ಜೋಡಣೆ ಚಾರ್ಜ್, ಟೈಲ್ ಮೂರನ್ನೂ ಕೇಳುವ ಹಕ್ಕು ಅವರಿಗಿದೆ. ಒಂದು ಎಚ್ಚರಿಕೆ: ಫಿಟ್ಟರ್ ನಿಲ್ಲಿಸಿದಾಗ ನೀವೇ "ಪರವಾಗಿಲ್ಲ, ಒತ್ತಿ" ಅಂದಿದ್ದರೆ ಈ ವಾದ ಅರ್ಧ ಬಿದ್ದುಹೋಗುತ್ತದೆ.

5. ಒಡೆದ ಕೂಡಲೇ

ಕೆಲಸ ನಿಲ್ಲಿಸಿ. ಅಂಟು ಹಚ್ಚುತ್ತೇನೆ, ವ್ಯಾಕ್ಸ್ ತುಂಬುತ್ತೇನೆ ಅಂದರೆ ಬೇಡ ಅನ್ನಿ. ಮುಚ್ಚಿದ ಮೇಲೆ ಫೋಟೋದಲ್ಲಿ ಏನೂ ಕಾಣುವುದಿಲ್ಲ. ಒಂದು ಫೋಟೋ ದೂರದಿಂದ, ಒಂದು ಹತ್ತಿರದಿಂದ, ಒಂದು ಪಕ್ಕದಲ್ಲಿ ಟೇಪ್ ಹಿಡಿದು. ಫಿಟ್ಟರ್ ಜೊತೆ ಜಗಳ ಬೇಡ. ಅವನ ದಿನದ ಕೂಲಿಯಿಂದ ಕಡಿತವಾಗುವ ಭಯ ಅವನಿಗಿರುತ್ತದೆ, ಅದಕ್ಕೇ ಮುಚ್ಚಲು ನೋಡುತ್ತಾನೆ.

ಫಿಟ್ಟರ್ ಸಹಿ ಕೇಳುವ ಕಾಗದವನ್ನು ಜಾಬ್ ಕಾರ್ಡ್ ಅನ್ನುತ್ತಾರೆ: ಏನು ಕೆಲಸ ಆಯಿತು ಅನ್ನುವ ವರದಿ. ಈಗ ಹಲವು ಕಡೆ ಅದು ಅವನ ಮೊಬೈಲಿನಲ್ಲೇ ಇರುತ್ತದೆ, ಒಟಿಪಿ ಕೇಳುತ್ತಾನೆ. "ಕೆಲಸ ಪೂರ್ಣ, ಗ್ರಾಹಕರಿಗೆ ತೃಪ್ತಿ" ಅಂತ ಇದ್ದರೆ ಒಟಿಪಿ ಕೊಡಬೇಡಿ. "ಜೋಡಿಸುವಾಗ ಎಡಬದಿಯ ಹಲಗೆ, ಒಂದು ಟೈಲ್ ಹಾನಿ" ಅಂತ ಅವನ ಕೈಯಲ್ಲೇ ಬರೆಸಿ. ಅವನು ಒಪ್ಪದಿದ್ದರೆ ಅವನು ಇರುವಾಗಲೇ ಗ್ರಾಹಕ ಸೇವೆಗೆ ಫೋಟೋ ಕಳಿಸಿ. ಸಮಯದ ಗುರುತು ಅದರಲ್ಲೇ ಬೀಳುತ್ತದೆ.

6. ದೂರು ಬರೆಯುವಾಗ ಕಾರಣ ಸರಿಯಾಗಿ ಆರಿಸಿ

ಆ್ಯಪಿನಲ್ಲಿ ವಾಪಸ್ ಕಾರಣ ಆರಿಸುವ ಪಟ್ಟಿ ಬರುತ್ತದೆ. ಬೇಗ ಆಗಲಿ ಅಂತ ಸುಮ್ನೆ "ಬೇಡವಾಯಿತು" ಅಥವಾ "ಅಳತೆ ಸರಿಯಿಲ್ಲ" ಅಂತ ಒತ್ತಿದರೆ ಅಲ್ಲಿಗೆ ಖರ್ಚು ನಿಮ್ಮದಾಯಿತು. ಪಿಕಪ್ ಚಾರ್ಜ್ ಲೆಕ್ಕ ಹಾಕುವುದು ಆ ಒಂದು ಒತ್ತುವಿಕೆಯ ಮೇಲೆ. ನಿಜವಾದ ಕಾರಣ ಹಾನಿ ಅಂತಾದರೆ ಹಾನಿ ಅಂತಲೇ ಆರಿಸಿ. ಸುಳ್ಳು ಕಾರಣವನ್ನೂ ಆರಿಸಬೇಡಿ. ಪಿಕಪ್‌ಗೆ ಬಂದವರು ಪರೀಕ್ಷಿಸಿ ವಾಪಸ್ ಹೋದರೆ ಕೇಸ್ ಇನ್ನೂ ಕಷ್ಟವಾಗುತ್ತದೆ.

ನಮ್ಮ ಉದಾಹರಣೆಯ ಲೆಕ್ಕ ಮೂರು ರೀತಿಯಲ್ಲಿ ಬರುತ್ತದೆ.

ಪೆಟ್ಟಿಗೆ ತೆರೆಯುವ ಮುಂಚೆಯೇ ಮನಸ್ಸು ಬದಲಾಗಿ ವಾಪಸ್ ಮಾಡಿದರೆ, ಷರತ್ತಿನಲ್ಲಿ ಪಿಕಪ್ ₹1,200 ಅಂತ ಇದ್ದರೆ, ₹22,800 ಬರುತ್ತದೆ. ಡೆಲಿವರಿ ₹800, ಹಮಾಲಿ ₹500 ಹೋಯಿತು. ಒಟ್ಟು ನಷ್ಟ ₹2,500.

ಪೆಟ್ಟಿಗೆ ಒದ್ದೆಯಾಗಿ ಬಂದು ವಾಪಸ್ ಮಾಡಿದರೆ ₹24,000 ಮತ್ತು ಡೆಲಿವರಿಯ ₹800 ಎರಡನ್ನೂ ಕೇಳಿ. ಪಿಕಪ್ ಸೊನ್ನೆ.

ಜೋಡಣೆಯಲ್ಲಿ ಒಡೆದಾಗ ಕಂಪನಿ ಮೊದಲು ಹೇಳುವುದು ಹಲಗೆ ಬದಲಿಸಿ ಕೊಡುತ್ತೇವೆ ಅಂತ. ಕೋಣೆಗೆ ಕೂರುವ ವಾರ್ಡ್‌ರೋಬ್ ಆಗಿದ್ದರೆ ಒಪ್ಪುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಎರಡು ಷರತ್ತಿನ ಮೇಲೆ: ಹಲಗೆ ಬರುವ ತಾರೀಖು ಬರಹದಲ್ಲಿ ಬರಲಿ, ಮರುಜೋಡಣೆ ಪುಕ್ಕಟೆ ಇರಲಿ. ಆದರೆ ನಮ್ಮ ಉದಾಹರಣೆಯಲ್ಲಿ ಹಲಗೆ ಬದಲಿಸಿದರೂ ಅದು ಲಾಫ್ಟಿಗೆ ತಾಗುವುದೇ. ಅಲ್ಲಿ ನ್ಯಾಯವಾದ ಬೇಡಿಕೆ ಹೀಗಿರಬೇಕು: ಸಾಮಾನಿನ ಬೆಲೆ, ಜೋಡಣೆಯ ₹900, ಟೈಲಿನ ಖರ್ಚು. ಕಂಪನಿ ಪಿಕಪ್‌ನ ₹1,200 ಹಿಡಿದರೆ, ಅಳತೆಯ ತಪ್ಪು ನಿಮ್ಮದೇ ಆದ್ದರಿಂದ ಅಷ್ಟಕ್ಕೆ ಒಪ್ಪಿ ಮುಗಿಸುವುದು ಜಾಣತನ. ಟೈಲಿಗೆ ಮೇಸ್ತ್ರಿಯಿಂದ ಎರಡು ಕೊಟೇಶನ್ ಬರೆಸಿ ಕಳಿಸಿ. ಒಂದು ಟೈಲ್ ಒಡೆದದ್ದಕ್ಕೆ ಇಡೀ ಕೋಣೆಯ ನೆಲ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

7. ಪಿಕಪ್ ದಿನ

ಪಿಕಪ್‌ಗೆ ಬರುವವರು ಸಾಗಾಟದವರು, ಬಿಚ್ಚುವವರಲ್ಲ. ಜೋಡಿಸಿದ ವಾರ್ಡ್‌ರೋಬ್ ನೋಡಿ "ಬಿಚ್ಚಿಡಿ, ನಾಳೆ ಬರ್ತೇವೆ" ಅಂದು ಹೋಗುತ್ತಾರೆ. ಬಿಚ್ಚುವವನನ್ನೂ ಕಳಿಸಿ ಅಂತ ಮೊದಲೇ ಬರೆದು ಕೇಳಿ. ನೀವೇ ಬಿಚ್ಚಬೇಡಿ. ಪಾರ್ಟಿಕಲ್ ಬೋರ್ಡಿನ ತೂತು ಒಮ್ಮೆ ಬಿಚ್ಚಿದರೆ ಸಡಿಲವಾಗುತ್ತದೆ, ಆ ಹಾನಿಯೂ ನಿಮ್ಮ ಲೆಕ್ಕಕ್ಕೆ ಸೇರೀತು. ರಟ್ಟು, ಥರ್ಮೊಕೋಲ್, ಉಳಿದ ಸ್ಕ್ರೂಗಳ ಪೊಟ್ಟಣ ಎಲ್ಲವನ್ನೂ ವಾಪಸ್ ಅವಧಿ ಮುಗಿಯುವ ತನಕ ಇಟ್ಟುಕೊಳ್ಳಿ. ಮುಂಬೈ ಮನೆಯಲ್ಲಿ ಅಷ್ಟು ರಟ್ಟು ಇಡುವುದು ಕಷ್ಟ, ಗೊತ್ತು. ಆದರೂ ಇಡಿ. ಸೊಸೈಟಿಯಲ್ಲಿ ಸಾಮಾನು ಸಾಗಿಸುವ ಹೊತ್ತು ಏನು ಅಂತ ವಾಚ್‌ಮನ್ ಹತ್ತಿರ ಕೇಳಿ, ಆ ಹೊತ್ತನ್ನೇ ಕಂಪನಿಗೆ ಕೊಡಿ. ಗೇಟಿನಿಂದ ವಾಪಸ್ ಹೋದರೆ ಪಿಕಪ್ "ಗ್ರಾಹಕರಿಂದ ರದ್ದು" ಅಂತ ದಾಖಲಾಗಬಹುದು.

ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷಿನ್ ಆಗಿದ್ದರೆ ಒಂದು ವಿಶೇಷ. ಹಿಂಬದಿಯಲ್ಲಿ ಉದ್ದನೆಯ ಟ್ರಾನ್ಸಿಟ್ ಬೋಲ್ಟ್‌ಗಳು ಇರುತ್ತವೆ, ಸಾಗಿಸುವಾಗ ಒಳಗಿನ ಡ್ರಮ್ ಅಲುಗಾಡದಂತೆ ಹಿಡಿಯಲು. ಅಳವಡಿಸುವವನು ಅವನ್ನು ತೆಗೆಯಬೇಕು. ತೆಗೆಯದೆ ಓಡಿಸಿದರೆ ಮಷಿನ್ ಕುಣಿಯುತ್ತದೆ, ಒಳಗೆ ಹಾಳಾಗುತ್ತದೆ. ವಾಪಸ್ ಕಳಿಸುವಾಗ ಅವನ್ನೇ ಮತ್ತೆ ಹಾಕಬೇಕು. ಕಸಕ್ಕೆ ಎಸೆದಿದ್ದರೆ ದಾರಿಯಲ್ಲಿ ಡ್ರಮ್ಮಿಗೆ ಆದ ಹಾನಿ ನಿಮ್ಮದು ಅನ್ನುತ್ತಾರೆ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಲ್ಲಿನ ಜೊತೆ ಇಡಿ. ಇನ್ನೊಂದು ಮಾತು, ಹಳೆ ಮಷಿನನ್ನು ಎಕ್ಸ್‌ಚೇಂಜಿಗೆ ಕೊಟ್ಟಿದ್ದರೆ ಅದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಅದಕ್ಕೆ ಕಳೆದ ಮೊತ್ತ ಏನಾಗುತ್ತದೆ ಅಂತ ಪಿಕಪ್ ಮುಂಚೆಯೇ ಕೇಳಿ.

ಗಾಡಿಗೆ ಹತ್ತಿಸುವ ಮುಂಚೆ ಎಲ್ಲ ಹಲಗೆಗಳ ಫೋಟೋ ತೆಗೆಯಿರಿ. ಎಷ್ಟು ಪೆಟ್ಟಿಗೆ ಹೋಯಿತು ಅಂತ ಬರೆದ ಪಿಕಪ್ ಚೀಟಿ ಕೈಗೆ ಬಾರದೆ ಸಾಮಾನು ಬಿಡಬೇಡಿ.

8. ಒಪ್ಪದಿದ್ದರೆ

ಇ-ಕಾಮರ್ಸ್ ಕಂಪನಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ಅವರ ಹೆಸರು, ಸಂಪರ್ಕ ಜಾಲತಾಣದಲ್ಲಿ ಇರುತ್ತದೆ. ದೂರು ಮುಟ್ಟಿತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಕಸ್ಟಮರ್ ಕೇರ್ ಜೊತೆ ಹತ್ತು ಸಲ ಮಾತಾಡುವುದಕ್ಕಿಂತ ಈ ಅಧಿಕಾರಿಗೆ ಒಂದು ಇಮೇಲ್ ಹಾಕುವುದು ಮೇಲು.

ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮಹಾರಾಷ್ಟ್ರದಲ್ಲಿದ್ದರೂ ಕನ್ನಡದಲ್ಲೇ ಮಾತಾಡಬಹುದು. consumerhelpline.gov.in ನಲ್ಲೂ ದೂರು ಹಾಕಬಹುದು. ಇದು ಕೋರ್ಟ್ ಅಲ್ಲ, ಆದೇಶ ಕೊಡುವುದಿಲ್ಲ. ಕಂಪನಿಗೆ ನಿಮ್ಮ ದೂರನ್ನು ಮುಟ್ಟಿಸಿ ಉತ್ತರ ಕೇಳುತ್ತದೆ. ಹಲಗೆ, ಟೈಲಿನಂಥ ಮೊತ್ತಕ್ಕೆ ಮೊದಲು ಈ ದಾರಿಯನ್ನೇ ಹಿಡಿಯಿರಿ.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಆಫೀಸು ಬೆಂಗಳೂರಿನಲ್ಲೋ ಗುರುಗ್ರಾಮದಲ್ಲೋ ಇದ್ದರೂ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಡೊಂಬಿವಲಿಯವರಿಗೆ ಅದು ಠಾಣೆ ಜಿಲ್ಲೆ. ಗೋವಾದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಬೇರೆ ಬೇರೆ ಆಯೋಗ. ಕೊಟ್ಟ ಬೆಲೆ ₹5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ. e-jagriti.gov.in ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಬಿಲ್, ಷರತ್ತಿನ ಸ್ಕ್ರೀನ್‌ಶಾಟ್, ಡೆಲಿವರಿ ಚೀಟಿ, ಜಾಬ್ ಕಾರ್ಡ್, ಫೋಟೋಗಳು, ಮೇಸ್ತ್ರಿಯ ಕೊಟೇಶನ್, ಇಮೇಲ್‌ಗಳು, ಇಷ್ಟನ್ನೂ ತಾರೀಖಿನ ಕ್ರಮದಲ್ಲಿ ಒಂದು ಪಿಡಿಎಫ್ ಮಾಡಿ ಜೋಡಿಸಿ. ಹಮಾಲಿಯ ₹500 ಕೂಡ ಇಲ್ಲಿ ಪರಿಹಾರದ ಭಾಗವಾಗಿ ಕೇಳಬಹುದು, ಯುಪಿಐ ಗುರುತು ಇದ್ದರೆ. ಹಾನಿಯಾದ ದಿನದಿಂದ ಎರಡು ವರ್ಷದೊಳಗೆ ದೂರು ಒಳಗೆ ಹೋಗಿರಬೇಕು.